32,000 ಬಾಡಿಗೆ ಕೇಳುತ್ತಿದ್ದಾರೆ. ಇದು ನ್ಯಾಯವೋ ಅಲ್ಲವೋ, ಲೆಕ್ಕ ಹಾಕಿ ನೋಡುವುದು ಹೇಗೆ?

ಹೊಸಬಾಡಿಗೆ
ಎರಡು ಬೆಡ್‌ರೂಮಿನ ಫ್ಲ್ಯಾಟ್. ಒಂಬತ್ತು ವರ್ಷದ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇದೆ, ಒಂದು ಕಾರ್ ಪಾರ್ಕಿಂಗ್ ಇದೆ. ಅಡುಗೆಮನೆಯಲ್ಲಿ ಕಪಾಟು ಬಿಟ್ಟರೆ ಬೇರೆ ಪೀಠೋಪಕರಣವಿಲ್ಲ. ಜಾಹೀರಾತಿನಲ್ಲಿ 1,050 ಚದರಡಿ ಎಂದಿದೆ, ಅಳೆದರೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳೊಳಗಿನ ಜಾಗ, 780. ಬಾಡಿಗೆ 32,000, ಮೇಂಟೆನೆನ್ಸ್ 3,000 ಪ್ರತ್ಯೇಕ, ಆರು ತಿಂಗಳ ಅಡ್ವಾನ್ಸ್. ಎರಡು ವರ್ಷದ ಕರಾರು. ಈಗ ಖಾಲಿ ಮಾಡುತ್ತಿರುವವರು ಎರಡು ವರ್ಷದ ಹಿಂದೆ 26,500ಕ್ಕೆ ಬಂದವರು, ನಡುವೆ ಏರಿಸಿಲ್ಲವಂತೆ. ಮಾಲೀಕರನ್ನು ಕೇಳಿದರೆ "ಈ ಏರಿಯಾದಲ್ಲಿ ಈಗ 32ರಿಂದ 36 ನಡೆಯುತ್ತಿದೆ" ಎನ್ನುತ್ತಾರೆ. ನಿಜವೋ ಸುಳ್ಳೋ ತಿಳಿಯುವ ದಾರಿ ಬೇಕು. "ಚೌಕಾಸಿ ಮಾಡಿ" ಅಂತ ಮಾತ್ರ ಹೇಳಬೇಡಿ, ಯಾವ ಅಂಕಿ ಇಟ್ಟುಕೊಂಡು ಚೌಕಾಸಿ ಮಾಡಲಿ ಅನ್ನೋದೇ ನನ್ನ ಪ್ರಶ್ನೆ.

ಶೇಕಡಾಮೂರು
ಸುಲಭ ಲೆಕ್ಕ ಇದೆ. ಮನೆಯ ಬೆಲೆಯ ಮೇಲೆ ವರ್ಷಕ್ಕೆ ಶೇ. 3 ಬಾಡಿಗೆ. ಆ ಫ್ಲ್ಯಾಟ್ ಎಷ್ಟಕ್ಕೆ ಮಾರಾಟವಾಗುತ್ತದೆ ನೋಡಿ, ಅದರ ಶೇ. 3 ತೆಗೆದು 12ರಿಂದ ಭಾಗಿಸಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಲೂಟಿ.

ಹೊಸಬಾಡಿಗೆ
ಅದೇ ಕಟ್ಟಡದಲ್ಲಿ ಇದೇ ಅಳತೆಯ ಫ್ಲ್ಯಾಟ್ 92 ಲಕ್ಷಕ್ಕೆ ಮಾರಾಟಕ್ಕಿದೆ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 23,000 ಆಯಿತು. ಎರಡು ವರ್ಷದ ಹಿಂದಿನ ಬಾಡಿಗೆಗಿಂತಲೂ ಕಡಿಮೆ! ಮಾಲೀಕರ ಮುಂದೆ ಇದನ್ನು ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಅಳತೆಪಟ್ಟಿ
ಹಾಕಿಕೊಳ್ಳುವುದೇ ಸರಿ. ಶೇ. 3 ಎಲ್ಲಿಂದ ಬಂತು? ಯೀಲ್ಡ್, ಅಂದರೆ ವರ್ಷದ ಬಾಡಿಗೆ ಮನೆಯ ಬೆಲೆಯ ಶೇಕಡಾ ಎಷ್ಟು ಎಂದು ನೋಡಬೇಕು ಎನ್ನುವ ಮಾತು ಸರಿ, ಆದರೆ ಅದು ಊರಿನಿಂದ ಊರಿಗೆ, ಬೀದಿಯಿಂದ ಬೀದಿಗೆ, ಚಿಕ್ಕ ಮನೆಯಿಂದ ದೊಡ್ಡ ಮನೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ದುಬಾರಿ ಬಂಗಲೆಯಲ್ಲಿ ಯೀಲ್ಡ್ ಕಡಿಮೆ, ಚಿಕ್ಕ ಫ್ಲ್ಯಾಟಿನಲ್ಲಿ ಹೆಚ್ಚು. ಹೊರಗಿನಿಂದ ತಂದ ಒಂದು ಅಂಕಿಯನ್ನು ಈ ಫ್ಲ್ಯಾಟಿಗೆ ಹೊದಿಸಲಾಗುವುದಿಲ್ಲ. ಅಕ್ಕಪಕ್ಕದ ಮನೆಗಳಿಂದಲೇ ಅದನ್ನು ತೆಗೆಯಬೇಕು. ಅದಕ್ಕೆ ಆಮೇಲೆ ಬರೋಣ.

ಮೊದಲು ಕೇಳಿರುವ ಬಾಡಿಗೆಯನ್ನು ಹೋಲಿಸಬಲ್ಲ ರೂಪಕ್ಕೆ ತನ್ನಿ. 32,000 ಎನ್ನುವುದು ನಿಮ್ಮ ನಿಜವಾದ ಖರ್ಚಲ್ಲ. ಮೇಂಟೆನೆನ್ಸ್ 3,000 ಸೇರಿಸಿ. ಆರು ತಿಂಗಳ ಅಡ್ವಾನ್ಸ್ ಎಂದರೆ 1,92,000 ಬೇರೆಯವರ ಕೈಯಲ್ಲಿ ಬಡ್ಡಿಯಿಲ್ಲದೆ ಕೂರುತ್ತದೆ. ಆ ಹಣ ನಿಮ್ಮಲ್ಲೇ ಇದ್ದಿದ್ದರೆ ವರ್ಷಕ್ಕೆ ಶೇ. 6 ಬರುತ್ತಿತ್ತು ಎಂದುಕೊಂಡರೆ ತಿಂಗಳಿಗೆ 960. ಒಟ್ಟು 35,960. ಈ ದರ ನಿಮ್ಮ ಹಣಕ್ಕೆ ನಿಜವಾಗಿ ಸಿಗುವ ಬಡ್ಡಿಯಾಗಿರಲಿ. ಸಾಲ ಮಾಡಿ ಅಡ್ವಾನ್ಸ್ ಕೊಡುವವರಾದರೆ ಸಾಲದ ಬಡ್ಡಿಯನ್ನೇ ಹಿಡಿಯಿರಿ.

ಇನ್ನು ಹುಡುಕುವ ಪ್ರತಿ ಮನೆಗೂ ಇದೇ ಒಟ್ಟು ಖರ್ಚನ್ನು ತೆಗೆದ ಮೇಲೆ ಹೋಲಿಸಬೇಕು. ಜಾಹೀರಾತಿನ ತಲೆಬರಹದಲ್ಲಿರುವ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ, ಒಂದರಲ್ಲಿ ಮೇಂಟೆನೆನ್ಸ್ ಸೇರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಷ್ಟರಲ್ಲೇ ಶೇ. 10 ದಾರಿ ತಪ್ಪುತ್ತೀರಿ.

ಕೀಲಿಗೊಂಚಲು
ಬ್ರೋಕರ್ ಕೆಲಸ ಮಾಡುವವನು ನಾನು, ಬೈಯುವ ಮೊದಲು ಓದಿ. ಪೋರ್ಟಲಿನಲ್ಲಿ ಹದಿನೈದು ಜಾಹೀರಾತು ಕಂಡರೆ ಮನೆಗಳು ಹದಿನೈದಲ್ಲ. ಒಂದೇ ಮನೆಯನ್ನು ಮೂವರು ಬ್ರೋಕರುಗಳು ಮೂರು ಬಾಡಿಗೆಗೆ ಹಾಕಿರುತ್ತಾರೆ. ಫೋಟೋದಲ್ಲಿ ಕಿಟಕಿಯ ಗ್ರಿಲ್, ನೆಲದ ಟೈಲ್ಸ್, ಅಡುಗೆಮನೆಯ ಕಲ್ಲಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಒಂದೇ ಮನೆ ಎಂದು ಖಚಿತವಾದರೆ ಕಡಿಮೆ ಬಾಡಿಗೆಯದ್ದನ್ನು ಇಟ್ಟುಕೊಳ್ಳಿ, ಉಳಿದವನ್ನು ಹೊಡೆದುಹಾಕಿ.

ಎರಡನೆಯದು, ತೀರಾ ಅಗ್ಗವಾಗಿ ಕಾಣುವುದು ಹಲವು ಸಲ ಗಾಳ. ಫೋನ್ ಮಾಡಿದರೆ "ಅದು ನಿನ್ನೆ ಹೋಯಿತು ಸರ್, ಬೇರೆ ತೋರಿಸ್ತೀನಿ" ಅನ್ನುತ್ತಾರೆ. ಫೋನ್ ಮಾಡಿ, ನೋಡಲು ಸಮಯ ಕೊಟ್ಟ ಮನೆಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ.

ಮೂರನೆಯದು, "ಹಾಕಿದ ದಿನಾಂಕ" ನಂಬಬೇಡಿ. ಜಾಹೀರಾತನ್ನು ತೆಗೆದು ಮತ್ತೆ ಹಾಕಿದರೆ ದಿನಾಂಕ ಹೊಸದಾಗುತ್ತದೆ. ಕಟ್ಟಡದ ಸೆಕ್ಯೂರಿಟಿಯವರನ್ನು ಕೇಳಿ, ಯಾವ ಮನೆ ಯಾವಾಗಿನಿಂದ ಖಾಲಿ ಅನ್ನೋದು ಅವರಿಗೆ ಬಾಯಿಪಾಠ.

ಹೊಸಬಾಡಿಗೆ
ಕೀಲಿಗೊಂಚಲು ಹೇಳಿದಂತೆ ಸೋಸಿದೆ. ಹದಿನಾಲ್ಕರಲ್ಲಿ ಉಳಿದದ್ದು ನಾಲ್ಕು. ಎಲ್ಲವೂ ಎರಡು ಬೆಡ್‌ರೂಮ್, ನಡೆದು ಹೋಗುವಷ್ಟು ಹತ್ತಿರ.

ಅ) ಅದೇ ಕಟ್ಟಡ, ಒಂದನೇ ಮಹಡಿ. ಕಾರ್ಪೆಟ್ 760. ಮೇಂಟೆನೆನ್ಸ್ 3,000 ಸೇರಿ 30,000. ಅಡ್ವಾನ್ಸ್ 90,000. ಖಾಲಿಯಾಗಿ ಒಂಬತ್ತು ದಿನ.
ಆ) ಪಕ್ಕದ ರಸ್ತೆ, ಮೂರು ವರ್ಷದ ಕಟ್ಟಡ. 820 ಚದರಡಿ. 31,000 ಮತ್ತು 2,500. ಅಡ್ವಾನ್ಸ್ 1,55,000. ಏಳು ವಾರದಿಂದ ಖಾಲಿ.
ಇ) 775 ಚದರಡಿ, ಪೂರ್ತಿ ಫರ್ನಿಶ್ಡ್. ಎಲ್ಲ ಸೇರಿ 36,000. ಅಡ್ವಾನ್ಸ್ 72,000.
ಈ) 700 ಚದರಡಿ, ಪಾರ್ಕಿಂಗ್ ಇಲ್ಲ. 28,000 ಮತ್ತು 2,000. ಅಡ್ವಾನ್ಸ್ 1,12,000.

ಮಾಲೀಕರು ಹೇಳಿದ 36 ಎಲ್ಲಿಂದ ಬಂತು ಅನ್ನೋದು ಈಗ ಗೊತ್ತಾಯಿತು, ಅದು "ಇ".

ಅಳತೆಪಟ್ಟಿ
ನಾಲ್ಕು ಸಾಕು. ನಿಮ್ಮದನ್ನು ನಿಜವಾಗಿ ಹೋಲುವ ನಾಲ್ಕು ಮನೆ ಸಿಕ್ಕಿದರೆ ಹೋಲದ ನಲವತ್ತನ್ನು ಬಿಡಬಹುದು.

ಅಡ್ವಾನ್ಸಿನ ಬಡ್ಡಿ ಸೇರಿಸಿದರೆ ಒಟ್ಟು ಖರ್ಚು ಹೀಗೆ: "ಅ" 30,450. "ಆ" 34,275. "ಇ" 36,360. "ಈ" 30,560.

ಈಗ ವ್ಯತ್ಯಾಸಗಳನ್ನು ಸರಿದೂಗಿಸಬೇಕು. ದಿಕ್ಕು ತಪ್ಪದಿರಿ: ಆ ಮನೆ ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅದರ ಅಂಕಿಯಿಂದ ಕಳೆಯಬೇಕು, ಕೊರತೆಯಿದ್ದರೆ ಕೂಡಿಸಬೇಕು. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ವಿಸ್ತೀರ್ಣಕ್ಕೆ ಚದರಡಿ ದರವನ್ನು ಪೂರ್ತಿಯಾಗಿ ಹಾಕುವುದು ತಪ್ಪು. ಅಡುಗೆಮನೆ, ಬಚ್ಚಲು, ಲಿಫ್ಟ್, ಬೀದಿ ಇವು ಚಿಕ್ಕ ಮನೆಗೂ ದೊಡ್ಡ ಮನೆಗೂ ಒಂದೇ. ಹೆಚ್ಚುವರಿ ಚದರಡಿಯಿಂದ ಸಿಗುವುದು ಕೋಣೆಯಲ್ಲಿ ಒಂದಿಷ್ಟು ಜಾಗ ಮಾತ್ರ. ಇಲ್ಲಿ ಸರಾಸರಿ ಚದರಡಿಗೆ 42 ಬೀಳುತ್ತದೆ, ವ್ಯತ್ಯಾಸಕ್ಕೆ ಅದರ ಅರ್ಧ, 21, ಹಿಡಿಯುವುದು ನನ್ನ ರೂಢಿ. ಹಾಗಾದರೆ "ಅ" 30,870 ಆಗುತ್ತದೆ, "ಆ" 33,435.

"ಇ"ಗೆ ಸಾಮಾನು ಕಳೆಯಬೇಕು. ಮಂಚ, ಸೋಫಾ, ಫ್ರಿಜ್, ವಾಷಿಂಗ್ ಮಷೀನ್ ಎಲ್ಲದರ ಇವತ್ತಿನ ಬೆಲೆ ಅಂದಾಜು ಮಾಡಿ, ಇನ್ನೆಷ್ಟು ವರ್ಷ ಬಾಳುತ್ತವೆ ಎಂದು ನೋಡಿ ಭಾಗಿಸಿ. 2,40,000 ಮೌಲ್ಯ, ಐದು ವರ್ಷ ಎಂದರೆ ತಿಂಗಳಿಗೆ 4,000. ಅಳತೆಯ ಚೂರು ವ್ಯತ್ಯಾಸವೂ ಸೇರಿ "ಇ" ಸುಮಾರು 32,460. "ಈ"ಗೆ 80 ಚದರಡಿಯ 1,680 ಕೂಡಿಸಿ. ಪಾರ್ಕಿಂಗಿಗೆ ಆ ಸುತ್ತಲಲ್ಲಿ ಪ್ರತ್ಯೇಕವಾಗಿ ಏನು ಕೊಡುತ್ತಾರೋ ಅದನ್ನೂ ಕೂಡಿಸಿ. 1,200 ಎಂದುಕೊಂಡರೆ 33,440.

ಅಂದರೆ ನಿಮ್ಮಂಥ ಮನೆಗೆ ಒಟ್ಟು ಖರ್ಚು 30,900ರಿಂದ 33,400. ನಿಮ್ಮಿಂದ ಕೇಳುತ್ತಿರುವುದು 35,960. ಇದನ್ನೇ ನಿಮ್ಮ ಮಾಲೀಕರ ಷರತ್ತಿಗೆ, ಅಂದರೆ 3,000 ಮೇಂಟೆನೆನ್ಸ್ ಮತ್ತು ಆರು ತಿಂಗಳ ಅಡ್ವಾನ್ಸಿಗೆ ತಿರುಗಿಸಿದರೆ ಬಾಡಿಗೆ ಸುಮಾರು 27,000ರಿಂದ 29,500 ಆಗಬೇಕು.

ಮರೆಯಬಾರದ್ದು ಇನ್ನೊಂದಿದೆ. ಇವೆಲ್ಲ ಕೇಳಿದ ಬಾಡಿಗೆಗಳೇ ಹೊರತು ಕೊಟ್ಟ ಬಾಡಿಗೆಗಳಲ್ಲ. "ಆ" ಏಳು ವಾರದಿಂದ ಕೂತಿದೆ ಎಂದರೆ ಆ ಬೆಲೆಗೆ ಯಾರೂ ಬಂದಿಲ್ಲ. ಅದು ಮಾರುಕಟ್ಟೆ ದರಕ್ಕೆ ಸಾಕ್ಷಿಯಲ್ಲ, ದರ ಅದಕ್ಕಿಂತ ಕೆಳಗಿದೆ ಎನ್ನುವುದಕ್ಕೆ ಸಾಕ್ಷಿ.

ಮೂಲೆಮಳಿಗೆ
ನನ್ನದು ಅಂಗಡಿ. ಕರಾರು ಮುಗಿಯುತ್ತಿದೆ, ಮಾಲೀಕರು ಶೇ. 15 ಏರಿಸುತ್ತೇನೆ ಎನ್ನುತ್ತಿದ್ದಾರೆ. ಈ ಚದರಡಿ ಲೆಕ್ಕ ನನಗೂ ಆಗುತ್ತಾ? ಪಕ್ಕದ ಓಣಿಯಲ್ಲಿ ಅರ್ಧ ಬಾಡಿಗೆಗೆ ಸಿಗುತ್ತಿದೆ.

ಅಳತೆಪಟ್ಟಿ
ಇಲ್ಲ, ಅಂಗಡಿಗೆ ಬೇರೆ ಲೆಕ್ಕ. ರಸ್ತೆಗೆ ಎಷ್ಟು ಅಡಿ ಮುಖವಿದೆ, ಎಷ್ಟು ಜನ ಹಾದುಹೋಗುತ್ತಾರೆ ಎನ್ನುವುದೇ ಅಲ್ಲಿ ಮುಖ್ಯ. ಓಣಿಯೊಳಗಿನ ಅಂಗಡಿ ನಿಮ್ಮದಕ್ಕೆ ಹೋಲಿಕೆಯೇ ಅಲ್ಲ. ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ಮಹಡಿಯಮ್ಮ
ಎಲ್ಲರೂ ಬಾಡಿಗೆದಾರರ ಕಡೆಯಿಂದಲೇ ಬರೆಯುತ್ತಿದ್ದೀರಿ. ನಾನು ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ಸಾಲದ ಕಂತು ಬಾಡಿಗೆಯ ಎರಡರಷ್ಟಿದೆ. ತೆರಿಗೆ, ಬಣ್ಣ, ಪ್ಲಂಬಿಂಗ್, ನಡುವೆ ಖಾಲಿ ಇರುವ ತಿಂಗಳು ಇವೆಲ್ಲ ಕಳೆದರೆ ನಮಗೆ ಉಳಿಯುವುದೆಷ್ಟು? 32,000 ಕೇಳಿದರೆ ಅನ್ಯಾಯ ಹೇಗೆ?

ಅಳತೆಪಟ್ಟಿ
ಮೇಡಂ, ನಿಮ್ಮ ಖರ್ಚು ನಿಜ. ಆದರೆ ಕಂತು ಬಾಡಿಗೆಯನ್ನು ನಿರ್ಧರಿಸುವುದಿಲ್ಲ. ಅದೇ ಕಟ್ಟಡದಲ್ಲಿ ಸಾಲವೇ ಇಲ್ಲದ ಮಾಲೀಕರಿದ್ದರೆ ಅವರು ಅರ್ಧ ಬಾಡಿಗೆಗೆ ಕೊಡುತ್ತಾರೆಯೇ? ಇಬ್ಬರ ಮನೆಯಿಂದಲೂ ಬಾಡಿಗೆದಾರರಿಗೆ ಸಿಗುವುದು ಒಂದೇ. ನಿಮ್ಮ ಖರ್ಚು ಕಳೆದು ಉಳಿಯುವ ಯೀಲ್ಡ್, ಈ ಮನೆಯನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ನೀವು ತೀರ್ಮಾನಿಸಲು ಬೇಕಾದ ಅಂಕಿ. ಬಾಡಿಗೆ ನ್ಯಾಯವೇ ಎಂದು ನೋಡಲು ಏನನ್ನೂ ಕಳೆಯದ ಯೀಲ್ಡ್ ಸಾಕು, ಏಕೆಂದರೆ ಪಕ್ಕದ ಮನೆಗಳ ಒಳಖರ್ಚು ನಮಗೆ ಕಾಣುವುದಿಲ್ಲ.

ಆ ಯೀಲ್ಡ್ ತೆಗೆಯೋಣ. ಹೊಸಬಾಡಿಗೆ ಅವರೇ, "ಅ", "ಆ", "ಈ" ಮನೆಗಳಂಥವು ಎಷ್ಟಕ್ಕೆ ಮಾರಾಟಕ್ಕಿವೆ ನೋಡಿ ಹೇಳಿ.

ಹೊಸಬಾಡಿಗೆ
"ಅ" ತರಹದ್ದು 90 ಲಕ್ಷ, "ಆ" ಕಟ್ಟಡದಲ್ಲಿ 1 ಕೋಟಿ 2 ಲಕ್ಷ, "ಈ" ತರಹದ್ದು 88 ಲಕ್ಷ. ಎಲ್ಲವೂ ಜಾಹೀರಾತಿನ ಬೆಲೆ, ನಿಜವಾಗಿ ಮಾರಾಟವಾದ ಬೆಲೆ ಗೊತ್ತಿಲ್ಲ.

ಅಳತೆಪಟ್ಟಿ
ಇಲ್ಲಿ ಮೇಂಟೆನೆನ್ಸ್ ಬಿಟ್ಟು ಬರೀ ಬಾಡಿಗೆ ಹಿಡಿಯಬೇಕು. "ಅ"ಗೆ 27,000, ವರ್ಷಕ್ಕೆ 3,24,000, ಅಂದರೆ 90 ಲಕ್ಷದ ಶೇ. 3.6. "ಆ" ಸುಮಾರು ಶೇ. 3.65. "ಈ" ಸುಮಾರು ಶೇ. 3.8. ನಿಮ್ಮದು 32,000ಕ್ಕೆ ಶೇ. 4.17. ಅಕ್ಕಪಕ್ಕದ ಮೂರು ಮನೆ ಒಂದು ಕಡೆ, ನಿಮ್ಮದೊಂದೇ ಇನ್ನೊಂದು ಕಡೆ. ಸುತ್ತಲಿನ 3.6ರಿಂದ 3.8ನ್ನು 92 ಲಕ್ಷಕ್ಕೆ ಹಾಕಿದರೆ ತಿಂಗಳಿಗೆ 27,600ರಿಂದ 29,100.

ಮಾರಾಟದ ಬೆಲೆಗಳು ಉಬ್ಬಿರಬಹುದು ಎನ್ನುವ ಚಿಂತೆ ಇಲ್ಲಿ ಅಷ್ಟಾಗಿ ಬೇಡ. ನಾಲ್ಕಕ್ಕೂ ಜಾಹೀರಾತಿನ ಬೆಲೆಯನ್ನೇ ಹಿಡಿದಿದ್ದೀರಿ, ಎಲ್ಲವೂ ಒಂದೇ ಪ್ರಮಾಣದಲ್ಲಿ ಉಬ್ಬಿದ್ದರೆ ತಪ್ಪು ತನ್ನಷ್ಟಕ್ಕೆ ಹೊಡೆದುಹೋಗುತ್ತದೆ. ನಿಮ್ಮ ಮನೆಗೆ ಒಂದು ಬಗೆಯ ಬೆಲೆ, ಉಳಿದವಕ್ಕೆ ಇನ್ನೊಂದು ಬಗೆಯ ಬೆಲೆ ಹಿಡಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಶೇಕಡಾಮೂರು
ಅಂದರೆ ಯೀಲ್ಡ್ ಹಿಡಿದರೂ ಅದೇ ಉತ್ತರ ಬಂತು. ಎರಡು ಸಾಕ್ಷಿ ಸಿಕ್ಕಂತಾಯಿತು. ನಾನು ಹೇಳಿದ್ದು 3 ಅಲ್ಲ, 3.7 ಅಂತ ತಿದ್ದಿಕೊಳ್ಳುತ್ತೇನೆ :)

ಅಳತೆಪಟ್ಟಿ
ಎರಡು ಸಾಕ್ಷಿ ಎನ್ನಬೇಡಿ, ಒಂದೂವರೆ ಎನ್ನಿ. ಯೀಲ್ಡಿಗೆ ಬಳಸಿದ ಬಾಡಿಗೆಗಳು ಮೊದಲ ಲೆಕ್ಕದ ಬಾಡಿಗೆಗಳೇ. ಅವೇ ತಪ್ಪಿದ್ದರೆ ಎರಡೂ ಒಟ್ಟಿಗೆ ತಪ್ಪುತ್ತವೆ. ಯೀಲ್ಡ್ ನಿಜವಾಗಿ ಹೇಳಿಕೊಡುವುದು ಬೇರೆ ವಿಷಯ: ಮಾರಾಟದ ಬೆಲೆಯಲ್ಲಿ ಮಹಡಿ, ಕಟ್ಟಡದ ವಯಸ್ಸು, ಬೆಳಕು ಎಲ್ಲವೂ ಆಗಲೇ ಸೇರಿರುತ್ತವೆ. ನಿಮ್ಮ ಫ್ಲ್ಯಾಟ್ ವಿಶೇಷವಾಗಿದೆ ಎಂದು ಮಾಲೀಕರು ವಾದಿಸಿದರೆ, ಆ ವಿಶೇಷ ಮಾರಾಟದ ಬೆಲೆಯಲ್ಲೂ ಕಾಣಬೇಕು. 92 ಲಕ್ಷ "ಅ"ಗಿಂತ ಶೇ. 2ರಷ್ಟು ಹೆಚ್ಚು ಅಷ್ಟೇ. ಬರೀ ಬಾಡಿಗೆ 27,000ದ ಎದುರು 32,000 ಎಂದರೆ ಶೇ. 18ಕ್ಕೂ ಹೆಚ್ಚು.

ಕೀಲಿಗೊಂಚಲು
ಈ ಅರ್ಧ ದರದ ಮಾತು ನನಗೆ ಒಪ್ಪಿಗೆಯಿಲ್ಲ. 700 ಮತ್ತು 780ರ ನಡುವೆ ಎರಡನೇ ಬೆಡ್‌ರೂಮಿಗೆ ಡಬಲ್ ಮಂಚ ಹಿಡಿಯುತ್ತದೋ ಇಲ್ಲವೋ ಅನ್ನೋದೇ ತೀರ್ಮಾನವಾಗುತ್ತದೆ. ಮಂಚ ಹಿಡಿಯದ ಮನೆಯನ್ನು ಜನ ಒಂದೂವರೆ ಬೆಡ್‌ರೂಮ್ ಎಂದೇ ನೋಡುತ್ತಾರೆ. ಅಲ್ಲಿ ಪೂರ್ತಿ ದರ ಹಾಕಿದರೂ ಕಡಿಮೆಯೇ.

ಅಳತೆಪಟ್ಟಿ
ಒಪ್ಪಬಹುದಾದ ಮಾತು. ಪೂರ್ತಿ ದರ ಹಾಕಿದರೆ "ಈ" 35,000 ದಾಟುತ್ತದೆ, ಮೇಲಿನ ಮಿತಿ ಏರುತ್ತದೆ. ಆದರೆ ಹೊಂದಾಣಿಕೆಯ ಮೇಲೇ ಅಷ್ಟು ನಿಂತಿರುವ ಮನೆಗೆ ಕಡಿಮೆ ತೂಕ ಕೊಡಬೇಕು. ಅತಿ ಕಡಿಮೆ ತಿದ್ದುಪಡಿ ಬೇಕಾದದ್ದು "ಅ". ಅದೇ ಕಟ್ಟಡ, ಅದೇ ಲಿಫ್ಟ್, ಅದೇ ನೀರು. ನಾನಾದರೆ ಅದನ್ನೇ ಆಧಾರವಾಗಿ ಹಿಡಿಯುತ್ತೇನೆ.

ಹೊಸಬಾಡಿಗೆ
ಮಾಲೀಕರ ಇನ್ನೊಂದು ವಾದ, "ಒಂದು ವರ್ಷದಲ್ಲಿ ಏರಿಯಾ ಶೇ. 12 ಏರಿದೆ". ಪೋರ್ಟಲಿನ ಗ್ರಾಫ್ ಕೂಡ ಹಾಗೇ ತೋರಿಸುತ್ತಿದೆ.

ಅಳತೆಪಟ್ಟಿ
ಗ್ರಾಫ್ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಅದು ಹೇಳುತ್ತಿರುವುದು ಬೇರೆಯದನ್ನು. ಕಳೆದ ವರ್ಷ ಜಾಹೀರಾತಿಗೆ ಬಂದವು ಹೆಚ್ಚಾಗಿ ಹಳೆಯ ಚಿಕ್ಕ ಮನೆಗಳಾಗಿದ್ದು, ಈ ವರ್ಷ ಹೊಸ ಬ್ಲಾಕ್ ಒಂದು ತೆರೆದಿದ್ದರೆ, ಒಂದೇ ಒಂದು ಮನೆಯ ಬಾಡಿಗೆ ಏರದೆಯೂ ಸರಾಸರಿ ಏರುತ್ತದೆ. ಅದಕ್ಕೇ ಅದೇ ಮನೆಯ ಹಳೆಯ ಬಾಡಿಗೆ ಮತ್ತು ಹೊಸ ಬಾಡಿಗೆಯನ್ನು ಜೋಡಿಯಾಗಿ ಹುಡುಕಬೇಕು. ಹಳೆಯ ಜಾಹೀರಾತುಗಳು, ಕಟ್ಟಡದ ನಿವಾಸಿಗಳು, ಬ್ರೋಕರುಗಳು, ಯಾರಿಂದಾದರೂ ಎರಡು ಮೂರು ಜೋಡಿ ಸಿಗುತ್ತವೆ.

ಒಂದು ಜೋಡಿ ನಿಮ್ಮ ಕೈಯಲ್ಲೇ ಇದೆ. 26,500ರಿಂದ ಎರಡು ವರ್ಷದಲ್ಲಿ 32,000 ಆಗಬೇಕಾದರೆ ವರ್ಷಕ್ಕೆ ಸುಮಾರು ಶೇ. 10 ಏರಬೇಕು. ಬೇರೆ ಮನೆಗಳೂ ಹಾಗೆ ಏರಿವೆಯೇ ಎನ್ನುವುದೇ ಪ್ರಶ್ನೆ.

ಹೊಸಬಾಡಿಗೆ
ನಿವಾಸಿಗಳ ಗುಂಪಿನಲ್ಲಿ ಕೇಳಿದೆ. ಎರಡು ಜೋಡಿ ಸಿಕ್ಕವು, ಎರಡೂ ಬಾಡಿಗೆದಾರರು ಬದಲಾದಾಗಿನವು. ಒಂದು 24,500ರಿಂದ 26,500, ಇನ್ನೊಂದು 27,000ದಿಂದ 29,500. ಎರಡರಲ್ಲೂ ಎರಡು ವರ್ಷದ ಅಂತರ.

ಅಳತೆಪಟ್ಟಿ
ವರ್ಷಕ್ಕೆ ಶೇ. 4ರಿಂದ 4.5. ಆ ವೇಗವನ್ನು 26,500ಕ್ಕೆ ಹಾಕಿದರೆ ಇವತ್ತಿಗೆ 28,700ರಿಂದ 28,900. ಹೊಸ ಬಾಡಿಗೆದಾರರು ಬಂದಾಗಿನ ಅಂಕಿಗಳಾದದ್ದು ಒಳ್ಳೆಯದಾಯಿತು. ಅಲ್ಲೇ ಮುಂದುವರಿದವರ ಬಾಡಿಗೆ ಮಾರುಕಟ್ಟೆಗಿಂತ ಹಿಂದೆ ಬೀಳುತ್ತದೆ, ಅದನ್ನು ಬೆರೆಸಿದರೆ ಏರಿಕೆ ಕಡಿಮೆ ಕಾಣುತ್ತಿತ್ತು.

ಒಂದು ಅನುಮಾನ ಉಳಿಯುತ್ತದೆ. ಎರಡು ವರ್ಷದ ಹಿಂದಿನ 26,500 ಆಗಿನ ಸರಿಯಾದ ದರವಾಗಿತ್ತೇ? ಪರಿಚಯದವರಿಗೆ ಕಡಿಮೆಗೆ ಕೊಟ್ಟಿದ್ದರೆ ಈ ಲೆಕ್ಕ ಬುಡದಲ್ಲೇ ಕೆಳಗಿರುತ್ತದೆ. ಅದಕ್ಕೇ ಇದನ್ನು ಮೂರನೆಯದಾಗಿ ನೋಡಿದ್ದು.

ಮಹಡಿಯಮ್ಮ
ಸರಿ, 29,000 ಎಂದೇ ಇಟ್ಟುಕೊಳ್ಳಿ. ಮಾಲೀಕರು ಒಪ್ಪದೆ ಕಾದರೆ 32,000 ಕೊಡುವವರು ಸಿಗಲಾರರೇ?

ಕೀಲಿಗೊಂಚಲು
ಸಿಗಬಹುದು ಮೇಡಂ, ಎಷ್ಟು ದಿನಕ್ಕೆ ಅನ್ನೋದೇ ಪ್ರಶ್ನೆ. 3,000 ಹೆಚ್ಚು ಸಿಕ್ಕರೆ ವರ್ಷಕ್ಕೆ 36,000. ಒಂದು ತಿಂಗಳು ಖಾಲಿ ಬಿದ್ದರೆ 29,000 ಬಾಡಿಗೆ ಹೋಯಿತು, ಮೇಂಟೆನೆನ್ಸ್ 3,000 ಮಾಲೀಕರ ತಲೆಗೆ ಬಂತು. ಮೂವತ್ನಾಲ್ಕು ದಿನ ಕಾದರೆ ಮೊದಲ ವರ್ಷದ ಹೆಚ್ಚುವರಿ ಪೂರ್ತಿ ಕರಗುತ್ತದೆ. "ಆ" ಮನೆಯವರು ಏಳು ವಾರದಿಂದ ಕಾಯುತ್ತಿದ್ದಾರಲ್ಲ.

ಹೊಸಬಾಡಿಗೆ
ಮಾತಾಡಿ ಬಂದೆ. "ಅ" ಮನೆಯ ಅಂಕಿ, ಎರಡು ಜೋಡಿ, ಖಾಲಿ ದಿನಗಳ ಲೆಕ್ಕ, ಇಷ್ಟನ್ನೇ ಹೇಳಿದೆ. ಯೀಲ್ಡ್ ತೆಗೆಯಲು ಹೋಗಲಿಲ್ಲ. ಈಗ 30,000ಕ್ಕೆ ಬಂದಿದ್ದಾರೆ, ಅಡ್ವಾನ್ಸ್ ಮೂರು ತಿಂಗಳು. ಆದರೆ ಎರಡನೇ ವರ್ಷ ಶೇ. 8 ಏರಿಕೆ ಎಂದು ಕರಾರಿನಲ್ಲಿ ಬರೆಯುತ್ತಾರಂತೆ.

ಶೇಕಡಾಮೂರು
ತಗೊಳ್ಳಿ ಸರ್. 30,000, 3,000, ಅಡ್ವಾನ್ಸ್ ಬಡ್ಡಿ 450. ಒಟ್ಟು 33,450. ನಿಮ್ಮ ಮೇಲಿನ ಮಿತಿಗೆ ಸರಿಯಾಗಿ ಬಂತು.

ಅಳತೆಪಟ್ಟಿ
ಮೊದಲ ವರ್ಷಕ್ಕೆ ಮಾತ್ರ. ಶೇ. 8 ಏರಿದರೆ ಎರಡನೇ ವರ್ಷ 32,400. ಎರಡು ವರ್ಷದ ಸರಾಸರಿ 31,200, ಒಟ್ಟು ಖರ್ಚು 34,650. ಬಿಟ್ಟುಕೊಟ್ಟ 2,000ವನ್ನು ಎರಡನೇ ವರ್ಷದಲ್ಲಿ ವಾಪಸ್ ತೆಗೆದುಕೊಳ್ಳುತ್ತಿದ್ದಾರೆ. ನಿಮ್ಮ ಜೋಡಿಗಳು ತೋರಿಸಿದ ವೇಗ ಶೇ. 4ರಿಂದ 4.5, ಏರಿಕೆಯನ್ನು ಅಲ್ಲಿಗೆ ಇಳಿಸಿ ಎಂದು ಕೇಳಿ. ಶೇ. 4 ಆದರೆ ಎರಡನೇ ವರ್ಷ 31,200. ಎರಡನೇ ವರ್ಷವನ್ನು ಇವತ್ತಿನ ದರದೊಂದಿಗೆ ಹೋಲಿಸಬೇಡಿ, ಆ ಹೊತ್ತಿಗೆ ಸುತ್ತಲಿನ ಬಾಡಿಗೆಯೂ ಅಷ್ಟೇ ಏರಿರುತ್ತದೆ. ಆಗಲೂ ನಿಮ್ಮ ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತೀರಿ, ಆದರೆ ಒಳಗಿರುತ್ತೀರಿ.

ಮಹಡಿಯಮ್ಮ
ನಾನಾಗಿದ್ದರೆ ಶೇ. 5ಕ್ಕಿಂತ ಕೆಳಗೆ ಒಪ್ಪುತ್ತಿರಲಿಲ್ಲ.

ಕೀಲಿಗೊಂಚಲು
ಸಹಿ ಮಾಡುವ ಮೊದಲು ಒಂದು ವಿಚಾರಿಸಿ. ಆ ಸುತ್ತಲಲ್ಲಿ ಕೀಲಿ ಕೊಡಲು ತಯಾರಾಗಿರುವ ದೊಡ್ಡ ಕಟ್ಟಡ ಯಾವುದಾದರೂ ಇದೆಯೇ? ಇದ್ದರೆ ನೂರಾರು ಫ್ಲ್ಯಾಟು ಒಂದೇ ಸಲ ಬಾಡಿಗೆಗೆ ಬಂದು, ಕೆಲವು ತಿಂಗಳು ದರ ಜಗ್ಗುತ್ತದೆ. ಹಳೆಯ ಜೋಡಿಗಳಲ್ಲಿ ಅದು ಕಾಣುವುದಿಲ್ಲ.

ಹೊಸಬಾಡಿಗೆ
ಎರಡು ರಸ್ತೆ ಆಚೆ ಒಂದಿದೆ, ಗಾಜು ಕೂರಿಸುತ್ತಿದ್ದಾರೆ. ಯಾವಾಗ ಕೀಲಿ ಕೊಡುತ್ತಾರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಮುಂದಿನ ತಿಂಗಳೊಳಗೆ ಮನೆ ಬೇಕು, ಅಷ್ಟು ಕಾಯಲಾಗದು. ಶೇ. 4 ಕೇಳುತ್ತೇನೆ. ಒಪ್ಪದಿದ್ದರೆ "ಅ" ಮನೆಯನ್ನು ನಾಳೆಯೇ ನೋಡುತ್ತೇನೆ, ಒಂದನೇ ಮಹಡಿಯಲ್ಲಿ ಜನರೇಟರ್ ಸದ್ದು ಎಷ್ಟಿದೆ ಎಂಬುದೊಂದೇ ಅನುಮಾನ.

ಅಳತೆಪಟ್ಟಿ
ರಾತ್ರಿ ಕರೆಂಟ್ ಹೋದಾಗ ಹೋಗಿ ಕೇಳಿ. ಸದ್ದಿಗೆ ಎಷ್ಟು ಕಳೆಯಬೇಕು ಎನ್ನುವುದಕ್ಕೆ ನನ್ನ ಬಳಿ ಸೂತ್ರವಿಲ್ಲ.